ಖುಷಿಯೋ ಉನ್ಮಾದವೋ: ಬೈಪೋಲಾರ್ ಕಾಯಿಲೆ ಮತ್ತು ಲಿಥಿಯಂ ರಕ್ತಪರೀಕ್ಷೆ

ಬೈಪೋಲಾರ್ ಕಾಯಿಲೆಯ ಉನ್ಮಾದ ಮನೆಗೆ ಕಾಲಿಟ್ಟಾಗ ಮೊದಲ ವಾರ ಅದನ್ನು ಕಾಯಿಲೆ ಎಂದು ಯಾರೂ ಗುರುತಿಸುವುದಿಲ್ಲ. ಖಿನ್ನತೆ ಬಂದರೆ ಕಣ್ಣಿಗೆ ಕಾಣುತ್ತದೆ. ಮನುಷ್ಯ ಮಲಗಿಬಿಡುತ್ತಾನೆ, ಊಟ ಬಿಡುತ್ತಾನೆ, ಯಾರ ಜೊತೆಗೂ ಮಾತಿಲ್ಲ. ಉನ್ಮಾದದ ಮೊದಲ ದಿನಗಳಲ್ಲಿ ಹಾಗಲ್ಲ. ಬೆಳಿಗ್ಗೆ ಬೇಗ ಏಳುತ್ತಾನೆ, ಹತ್ತು ಕೆಲಸ ಹಚ್ಚಿಕೊಳ್ಳುತ್ತಾನೆ, ಎದುರಿಗೆ ಸಿಕ್ಕವರನ್ನೆಲ್ಲ ಮಾತಾಡಿಸುತ್ತಾನೆ. "ಈಗ ಪರವಾಗಿಲ್ಲ, ಚುರುಕಾಗಿದಾನೆ" ಎಂದು ಮನೆಯವರು ನೆಮ್ಮದಿಪಡುತ್ತಾರೆ. ಹಾಗೆ ನೆಮ್ಮದಿಯಲ್ಲಿ ಕಳೆದ ದಿನಗಳಲ್ಲೇ ಸಾಲ, ಜಗಳ, ಅಪಘಾತಗಳ ಬೀಜ ಬಿದ್ದಿರುತ್ತದೆ.

ಈ ಲೇಖನದಲ್ಲಿ ಎರಡು ವಿಷಯಗಳನ್ನು ಬಿಡಿಸಿ ಹೇಳುತ್ತೇನೆ. ಸಹಜವಾದ ಖುಷಿಗೂ ಉನ್ಮಾದಕ್ಕೂ ಇರುವ ವ್ಯತ್ಯಾಸವನ್ನು ಮನೆಯಲ್ಲೇ ಕಂಡುಕೊಳ್ಳುವುದು ಹೇಗೆ ಎನ್ನುವುದು ಒಂದು. ಉನ್ಮಾದ ಮರಳದಂತೆ ತಡೆಯುವ ಲಿಥಿಯಂ ಮಾತ್ರೆ ಶುರುವಾದ ಮೇಲೆ ವೈದ್ಯರು ಮತ್ತೆ ಮತ್ತೆ ರಕ್ತ ತೆಗೆಸುವುದು ಏಕೆ ಎನ್ನುವುದು ಇನ್ನೊಂದು. ವಿವರಣೆಗಾಗಿ ಬೀರೂರಿನ ಒಬ್ಬ ತೆಂಗಿನಕಾಯಿ ವ್ಯಾಪಾರಿಯ ಪ್ರಸಂಗ ಇಟ್ಟುಕೊಂಡಿದ್ದೇನೆ. ಇದು ಒಬ್ಬ ನಿಜವ್ಯಕ್ತಿಯ ಕಥೆಯಲ್ಲ. ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಕಾಣುವ ಸಂಗತಿಗಳನ್ನು ಸೇರಿಸಿ ಕಟ್ಟಿದ ಉದಾಹರಣೆ.

ಲಾಭ ಬಂದ ಖುಷಿ, ಮತ್ತು ಅದಾದ ಮೇಲಿನದು

ವ್ಯಾಪಾರಿಗೆ ಮೂವತ್ತನಾಲ್ಕು ವರ್ಷ. ಆ ವರ್ಷ ಕಾಯಿಗೆ ಒಳ್ಳೆಯ ದರ ಸಿಕ್ಕಿತು. ಸಾಲ ತೀರಿಸಿದ, ಹೆಂಡತಿಗೆ ಸೀರೆ ತಂದ, ಅಂಗಡಿಯ ಹುಡುಗರಿಗೆ ಸಿಹಿ ಹಂಚಿದ, ರಾತ್ರಿ ಹೊಟ್ಟೆತುಂಬ ಉಂಡು ಗಡದ್ದಾಗಿ ಮಲಗಿದ. ಇದು ಖುಷಿ. ಇದಕ್ಕೊಂದು ಕಾರಣವಿದೆ, ಆ ಕಾರಣಕ್ಕೆ ತಕ್ಕಷ್ಟೇ ಅಳತೆಯಿದೆ, ನಾಲ್ಕು ದಿನ ಕಳೆದರೆ ತಾನಾಗಿ ತಣ್ಣಗಾಗುತ್ತದೆ.

ಎರಡು ವಾರದ ಮೇಲೆ ಚಿತ್ರ ಬದಲಾಯಿತು. ರಾತ್ರಿ ಹನ್ನೆರಡಕ್ಕೆ ಮಲಗಿ ಎರಡೂವರೆಗೆ ಎದ್ದು ಗೋದಾಮು ಗುಡಿಸತೊಡಗಿದ. ಮೂರು ಗಂಟೆಗೆ ತಿಪಟೂರಿನ ಮಂಡಿಯವರಿಗೆ ಫೋನ್. ಹಗಲಿಡೀ ಓಡಾಟ, ಆದರೂ ಆಯಾಸವಿಲ್ಲ. ಒಂದು ಮಾತು ಮುಗಿಯುವ ಮೊದಲೇ ಇನ್ನೊಂದು, ಅದರೊಳಗೆ ಮತ್ತೊಂದು. ನಡುವೆ ಯಾರಾದರೂ ಬಾಯಿ ಹಾಕಿದರೆ ಕೋಪ. ಲಾರಿಗಳಿಗೆ ಮುಂಗಡ ಕೊಟ್ಟ, ನೋಡದೆಯೇ ಒಂದು ಸೈಟಿಗೆ ಕರಾರು ಮಾಡಿಕೊಂಡ, ಮುಂದಿನ ಚುನಾವಣೆಗೆ ನಿಲ್ಲುತ್ತೇನೆ ಎಂದು ಬಸ್ ಸ್ಟ್ಯಾಂಡಿನಲ್ಲಿ ಹೇಳಿಕೊಂಡು ಬಂದ. ಅಣ್ಣ ಲೆಕ್ಕ ಕೇಳಿದ್ದಕ್ಕೆ, "ನನ್ನ ಏಳಿಗೆ ಕಂಡ್ರೆ ನಿಂಗೆ ಹೊಟ್ಟೆಕಿಚ್ಚು ಕಣಣ್ಣ" ಎಂದು ಕೂಗಾಡಿದ. ಅದುವರೆಗೂ ಅಣ್ಣನ ಎದುರು ದನಿ ಎತ್ತಿದವನಲ್ಲ.

ಆ ವಾರವೇ ಸೋದರಮಾವ ತೀರಿಕೊಂಡರು. ಎತ್ತಿ ಆಡಿಸಿದ ಮಾವ. ಮಣ್ಣಿಗೆ ಹೋದವನು ಅಲ್ಲೂ ನಗುತ್ತ, ಬಂದವರ ಕೈಹಿಡಿದು ಹೊಸ ವ್ಯಾಪಾರದ ಯೋಜನೆ ವಿವರಿಸುತ್ತ ನಿಂತಿದ್ದ. ನೆಂಟರು ಮುಖ ಮುಖ ನೋಡಿಕೊಂಡರು. ಇವನಿಗೆ ಏನೋ ಆಗಿದೆ ಎಂದು ಹೆಂಡತಿಗೆ ಖಾತ್ರಿಯಾದದ್ದು ಆಗಲೇ.

ಆಕೆ ಗುರುತಿಸಿದ್ದು ಸರಿ. ಖುಷಿ ಸುತ್ತಲಿನ ಸಂಗತಿಗೆ ಬಗ್ಗುತ್ತದೆ. ಸಾವಿನ ಸುದ್ದಿ ಬಂದರೆ ಅದು ಇಳಿಯಲೇಬೇಕು. ಉನ್ಮಾದ ಬಗ್ಗುವುದಿಲ್ಲ. ಹೊರಗೆ ಏನೇ ನಡೆಯಲಿ, ಮನಸ್ಸಿನ ವೇಗ ತನ್ನಷ್ಟಕ್ಕೆ ತಾನು ಸಾಗುತ್ತಿರುತ್ತದೆ. ಎಲ್ಲ ರೋಗಿಗಳೂ ನಗುತ್ತಲೇ ಇರುತ್ತಾರೆ ಎಂದಲ್ಲ. ಎಷ್ಟೋ ಜನರಲ್ಲಿ ನಗೆಯೇ ಕಾಣದು, ಸಿಡುಕೊಂದೇ ಕಾಣುತ್ತದೆ. ಹಾಗಾಗಿ ಮುಖ ನೋಡಿ ತೀರ್ಮಾನಿಸುವುದಕ್ಕಿಂತ ನಿದ್ದೆ ನೋಡಿ ತೀರ್ಮಾನಿಸುವುದು ಹೆಚ್ಚು ಭರವಸೆಯದು.

ನಿದ್ದೆಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಚಿಂತೆಯಿಂದ ನಿದ್ದೆಗೆಟ್ಟವನು ಮರುದಿನ ಬಳಲಿರುತ್ತಾನೆ, ಕಣ್ಣು ಉರಿಯುತ್ತದೆ, ಮಧ್ಯಾಹ್ನ ಒರಗಲು ಜಾಗ ಹುಡುಕುತ್ತಾನೆ. ಮಗಳ ಮದುವೆಗೆ ಮೂರು ರಾತ್ರಿ ಎಚ್ಚರವಿದ್ದ ಅಪ್ಪ ನಾಲ್ಕನೆಯ ದಿನ ಸತ್ತಂತೆ ಮಲಗುತ್ತಾನೆ. ಉನ್ಮಾದದಲ್ಲಿರುವವನಿಗೆ ನಿದ್ದೆ ಬರುತ್ತಿಲ್ಲ ಎಂಬ ದೂರೇ ಇಲ್ಲ, ಅವನಿಗೆ ನಿದ್ದೆ ಬೇಕೇ ಆಗುವುದಿಲ್ಲ. ಎರಡು ಮೂರು ಗಂಟೆ ಮಲಗಿ ಎದ್ದು, ಹತ್ತು ಗಂಟೆ ಮಲಗಿದವನಷ್ಟು ಹುರುಪಿನಿಂದ ಇರುತ್ತಾನೆ. ಹೀಗೆ ಸಾಲಾಗಿ ಮೂರು ನಾಲ್ಕು ರಾತ್ರಿ ನಡೆದರೆ ಮನೆಯವರು ಕಾಯುತ್ತ ಕೂರಬಾರದು.

ಮನೋವೈದ್ಯರು ಇದರ ಜೊತೆಗೆ ಅವಧಿ ನೋಡುತ್ತಾರೆ. ಮನಸ್ಸಿನ ಏರು ಅಥವಾ ಸಿಡುಕು, ಅದರೊಡನೆ ಮೈಯ ಹುರುಪಿನ ಹೆಚ್ಚಳ, ಒಂದು ವಾರ ಪೂರ್ತಿ ದಿನದ ಬಹುಪಾಲು ಹೊತ್ತು ಇರಬೇಕು. ಆಸ್ಪತ್ರೆಗೆ ಸೇರಿಸಲೇಬೇಕಾದಷ್ಟು ಜೋರಾಗಿದ್ದರೆ ವಾರ ತುಂಬಬೇಕಾಗಿಲ್ಲ. ನಿದ್ದೆ ಬೇಡವಾಗುವುದು, ಮಾತಿನ ಹೊಳೆ, ಒಂದರಿಂದ ಒಂದಕ್ಕೆ ಜಿಗಿಯುವ ಯೋಚನೆ, ತಾನೇ ದೊಡ್ಡವನೆಂಬ ಭಾವ, ಚಂಚಲತೆ, ಮಿತಿಮೀರಿದ ಕೆಲಸ, ಹಿಂದೆಮುಂದೆ ನೋಡದ ಖರ್ಚು ಅಥವಾ ಲೈಂಗಿಕ ಸಾಹಸ, ಇವುಗಳಲ್ಲಿ ಕನಿಷ್ಠ ಮೂರಾದರೂ ಜೊತೆಗಿರಬೇಕು. ಬರೀ ಸಿಡುಕಷ್ಟೇ ಇದ್ದರೆ ನಾಲ್ಕು. ಇಷ್ಟೆಲ್ಲದರ ಜೊತೆಗೆ ಸಂಸಾರವೋ ವ್ಯಾಪಾರವೋ ಹದಗೆಡುತ್ತಿರಬೇಕು. ಇದೇ ಲಕ್ಷಣಗಳು ಸೌಮ್ಯವಾಗಿ, ನಾಲ್ಕು ದಿನವಾದರೂ ಇದ್ದು, ಬದುಕು ಹಳಿ ತಪ್ಪದಿದ್ದರೆ ಅದನ್ನು ಹೈಪೋಮೇನಿಯಾ ಎನ್ನುತ್ತಾರೆ. ರೋಗಿಗೆ ಅದು ಹಿತವಾಗಿರುವುದರಿಂದ ಅವನಾಗಿ ಎಂದೂ ವೈದ್ಯರ ಬಳಿ ಹೇಳುವುದಿಲ್ಲ. ಮನೆಯವರೇ ಹೇಳಬೇಕು.

ಬೀರೂರು ಸೀಮೆಯಲ್ಲಿ ಇನ್ನೊಂದು ಪ್ರಶ್ನೆಯೂ ಏಳುತ್ತದೆ. ಮೈಲಾರಲಿಂಗಸ್ವಾಮಿಯ ಕಾರ್ಣಿಕ ಕಂಡು ಬೆಳೆದ ಜನ ನಾವು. ಮೈಮೇಲೆ ದೇವರು ಬರುವುದು ಇಲ್ಲಿ ಹೊಸದಲ್ಲ. ಹಾಗಾದರೆ "ಸ್ವಾಮಿ ನನ್ನೊಳಗೆ ಬಂದಿದಾನೆ" ಎಂದು ಮನೆಯ ಹುಡುಗ ಹೇಳಿದರೆ ಅದು ಭಕ್ತಿಯೋ ಕಾಯಿಲೆಯೋ? ನಂಬಿಕೆಯನ್ನು ಹೀಗಳೆಯದೆಯೇ ಇದನ್ನು ಬೇರ್ಪಡಿಸಬಹುದು. ಗೊರವಯ್ಯನ ಆವೇಶಕ್ಕೆ ಒಂದು ದಿನವಿದೆ, ಒಂದು ಜಾಗವಿದೆ, ಮುಗಿಯುವ ಗಳಿಗೆಯೂ ಇದೆ. ನುಡಿ ಮುಗಿದ ಮೇಲೆ ಅವರು ಮನೆಗೆ ಹೋಗಿ ಉಣ್ಣುತ್ತಾರೆ, ಮಲಗುತ್ತಾರೆ, ಮರುದಿನ ಎಂದಿನ ಕೆಲಸಕ್ಕೆ ಹೊರಡುತ್ತಾರೆ. ಊರೂ ಅದನ್ನು ಒಪ್ಪಿರುತ್ತದೆ. ಉನ್ಮಾದದಲ್ಲಿ ಹಬ್ಬ ಮುಗಿದರೂ ಆವೇಶ ಮುಗಿಯುವುದಿಲ್ಲ. ರಾತ್ರಿಯಿಲ್ಲ, ಹಗಲಿಲ್ಲ. ಊರಿನ ಭಕ್ತರೇ "ಇದು ಸರಿಯಿಲ್ಲ" ಎನ್ನತೊಡಗುತ್ತಾರೆ. ಪೂಜೆ ಹರಕೆ ಮಾಡುವವರು ಮಾಡಲಿ, ನನ್ನ ತಕರಾರಿಲ್ಲ. ಆದರೆ ಅದೇ ವಾರದಲ್ಲಿ ವೈದ್ಯರನ್ನೂ ಕಾಣಲಿ.

ನಮ್ಮ ವ್ಯಾಪಾರಿಯ ಹಿಂದಿನ ಕಥೆಯನ್ನೂ ವೈದ್ಯರು ಕೆದಕಿದರು. ಎರಡು ವರ್ಷದ ಹಿಂದೆ ಮೂರು ತಿಂಗಳು ಅವನು ಅಂಗಡಿಗೆ ಹೋಗಿರಲಿಲ್ಲ. "ಗ್ಯಾಸ್ಟ್ರಿಕ್, ಸುಸ್ತು" ಎಂದು ಟಾನಿಕ್ ಕುಡಿಸಿದ್ದರು. ಅದು ಖಿನ್ನತೆಯಾಗಿತ್ತು. ಈ ಮಾಹಿತಿ ಯಾಕೆ ಮುಖ್ಯವೆಂದರೆ, ಬೈಪೋಲಾರ್ ಇರುವವರಿಗೆ ಅದು ತಿಳಿಯದೆ ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಕೆಲವರಲ್ಲಿ ಮನಸ್ಸು ನೇರ ಉನ್ಮಾದಕ್ಕೆ ಹಾರುತ್ತದೆ. ಆದ್ದರಿಂದ ಖಿನ್ನತೆಗೆ ಚಿಕಿತ್ಸೆ ಪಡೆಯಲು ಹೋದಾಗ, ಹಿಂದೆ ಯಾವಾಗಲಾದರೂ ನಿದ್ದೆಯಿಲ್ಲದೆ ಹುರುಪಾಗಿದ್ದ ದಿನಗಳಿದ್ದವೇ, ಮನೆತನದಲ್ಲಿ ಯಾರಿಗಾದರೂ ಹೀಗಾಗಿತ್ತೇ ಎಂಬುದನ್ನು ಕೇಳದಿದ್ದರೂ ಹೇಳಿ.

ಮೊದಲ ರೋಗಿ ಬದುಕಿದ, ಮತ್ತೆ ಸತ್ತ

ಲಿಥಿಯಂ ಒಂದು ಲವಣ. ನೆಲದಲ್ಲಿ ಸಿಗುವ ಖನಿಜ. ಅದು ಉನ್ಮಾದವನ್ನು ಇಳಿಸುತ್ತದೆ ಎಂದು 1949ರಲ್ಲಿ ಬರೆದವರು ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್. ಮೆಲ್ಬರ್ನ್ ಬಳಿಯ ಬಂಡೂರಾ ಆಸ್ಪತ್ರೆಯಲ್ಲಿ 1948ರ ಮಾರ್ಚ್‌ನಲ್ಲಿ ಅವರು ಮೊದಲು ಲಿಥಿಯಂ ಕೊಟ್ಟದ್ದು ಐದು ವರ್ಷದಿಂದ ಬಿಡದೆ ಉನ್ಮಾದದಲ್ಲಿದ್ದ ಐವತ್ತೊಂದು ವರ್ಷದ ಒಬ್ಬ ರೋಗಿಗೆ. ವಾರಗಳಲ್ಲಿ ಆತ ಶಾಂತನಾದ. ಕೆಲವೇ ತಿಂಗಳಲ್ಲಿ ಮನೆಗೆ ಮರಳಿ ಹಳೆಯ ಕೆಲಸಕ್ಕೂ ಹೋಗತೊಡಗಿದ. ಆದರೆ ಮಾತ್ರೆ ಬಿಟ್ಟ, ಉನ್ಮಾದ ಮರಳಿತು, ಮತ್ತೆ ಆಸ್ಪತ್ರೆ ಸೇರಿದ. 1950ರಲ್ಲಿ ಆತ ತೀರಿಕೊಂಡದ್ದು ಲಿಥಿಯಂನ ವಿಷದಿಂದ.

ಅದೇ ಕಾಲಕ್ಕೆ ಅಮೆರಿಕದಲ್ಲಿ ಹೃದ್ರೋಗಿಗಳಿಗೆ ಅಡುಗೆ ಉಪ್ಪಿನ ಬದಲಿಗೆ ಲಿಥಿಯಂ ಕ್ಲೋರೈಡ್ ಮಾರುತ್ತಿದ್ದರು. ರುಚಿಗೆಂದು ಉದುರಿಸಿಕೊಂಡು ತಿಂದವರಲ್ಲಿ ಕೆಲವರು ಸತ್ತರು, 1949ರಲ್ಲಿ ಆ ಮಾರಾಟ ನಿಂತಿತು. ಹೆದರಿದ ವೈದ್ಯಲೋಕ ಲಿಥಿಯಂ ಅನ್ನು ಬಹುಕಾಲ ದೂರವಿಟ್ಟಿತು. ಜ್ವಾಲೆಯ ಬಣ್ಣದಿಂದ ರಕ್ತದಲ್ಲಿನ ಲವಣ ಅಳೆಯುವ ಫ್ಲೇಮ್ ಫೋಟೋಮೀಟರ್ ಬಳಕೆಗೆ ಬಂದ ಮೇಲೆ, ಡೆನ್ಮಾರ್ಕಿನ ಮೊಗೆನ್ಸ್ ಶೌ ಅವರಂಥವರು 1954ರಿಂದ ಮುಂದೆ ಕಟ್ಟುನಿಟ್ಟಾದ ಪ್ರಯೋಗಗಳಿಂದ ಅದರ ಗುಣವನ್ನು ತೋರಿಸಿಕೊಟ್ಟ ಮೇಲೆ, ಅದು ನಂಬಿಕೆಯ ಔಷಧವಾಯಿತು. ಅಮೆರಿಕ ಒಪ್ಪಿಗೆ ಕೊಟ್ಟದ್ದು 1970ರಲ್ಲಿ. ಇವತ್ತು ಭಾರತದ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲೂ ಲಿಥಿಯಂ ಇದೆ. ಈ ಕಾಯಿಲೆ ಇರುವವರಲ್ಲಿ ಆತ್ಮಹತ್ಯೆಯ ಅಪಾಯವನ್ನು ತಗ್ಗಿಸುವುದಕ್ಕೆ ಇದರಷ್ಟು ಪುರಾವೆ ಬೇರೆ ಔಷಧಕ್ಕಿಲ್ಲ. ರಕ್ತಪರೀಕ್ಷೆಯ ತಾಪತ್ರಯ ಇದ್ದರೂ ವೈದ್ಯರು ಇದನ್ನು ಕೈಬಿಡದಿರುವುದು ಅದಕ್ಕೇ.

ಅಂತರ ಕಿರಿದು

ಕಾಯಿಲೆ ಮರಳದಂತೆ ಕಾಯಲು ರಕ್ತದಲ್ಲಿ ಲಿಥಿಯಂ ಲೀಟರಿಗೆ ಸುಮಾರು 0.6ರಿಂದ 0.8 ಮಿಲಿಮೋಲ್ ಇರಬೇಕು. ಉನ್ಮಾದ ಜೋರಾಗಿರುವಾಗ 1.0ರ ತನಕ, ಕೆಲವೊಮ್ಮೆ ಅದಕ್ಕಿಂತ ತುಸು ಮೇಲಕ್ಕೂ ಒಯ್ಯುತ್ತಾರೆ. 1.5 ದಾಟಿದರೆ ವಿಷದ ಲಕ್ಷಣ ಶುರು, 2.0 ದಾಟಿದರೆ ಜೀವಕ್ಕೇ ಅಪಾಯ. ಕೆಲವು ಲ್ಯಾಬ್ ವರದಿಗಳಲ್ಲಿ ಮಿಲಿ ಈಕ್ವಿವಲೆಂಟ್ ಎಂದಿರುತ್ತದೆ, ಲಿಥಿಯಂ ಮಟ್ಟಿಗೆ ಎರಡರ ಅಂಕಿಯೂ ಒಂದೇ.

ಎಷ್ಟೋ ಮಾತ್ರೆಗಳಲ್ಲಿ ಗುಣ ಕೊಡುವ ಪ್ರಮಾಣಕ್ಕೂ ಕೇಡು ಮಾಡುವ ಪ್ರಮಾಣಕ್ಕೂ ಸಾಕಷ್ಟು ದೂರವಿದೆ. ಲಿಥಿಯಂನಲ್ಲಿ ಎರಡು ಪಟ್ಟಿಗೂ ಸ್ವಲ್ಪ ಹೆಚ್ಚಾದರೆ ಕೇಡು. ಅಲ್ಲದೆ, ಒಂದೇ 900 ಮಿಲಿಗ್ರಾಂ ನುಂಗಿದ ಇಬ್ಬರಲ್ಲಿ ಒಬ್ಬರ ರಕ್ತದಲ್ಲಿ 0.5, ಇನ್ನೊಬ್ಬರಲ್ಲಿ 1.1 ಕಾಣಬಹುದು. ಲಿವರ್ ಇದನ್ನು ಕರಗಿಸುವುದಿಲ್ಲ, ಹೆಚ್ಚುಕಡಿಮೆ ಪೂರ್ತಿಯಾಗಿ ಮೂತ್ರಪಿಂಡವೇ ಹೊರಹಾಕಬೇಕು, ಮತ್ತು ಮೂತ್ರಪಿಂಡದ ಕೆಲಸದ ವೇಗ ಒಬ್ಬೊಬ್ಬರಲ್ಲಿ ಒಂದೊಂದು. ಮಾತ್ರೆಯ ಅಳತೆ ಚೀಟಿಯಲ್ಲಿ ಬರೆದಿರುತ್ತದೆ. ಅದರಿಂದ ರಕ್ತದಲ್ಲಿ ಎಷ್ಟು ಉಳಿಯಿತು ಎಂಬುದು ರಕ್ತ ತೆಗೆಯದೆ ಗೊತ್ತಾಗುವುದಿಲ್ಲ.

ಮೂತ್ರಪಿಂಡ ಲಿಥಿಯಂ ಅನ್ನು ಉಪ್ಪಿನ ಸೋಡಿಯಂ ಜೊತೆಗೇ ನಡೆಸಿಕೊಳ್ಳುತ್ತದೆ. ಇದೊಂದನ್ನು ತಿಳಿದುಕೊಂಡರೆ ಉಳಿದ ಎಚ್ಚರಿಕೆಗಳೆಲ್ಲ ತಾವಾಗಿ ಅರ್ಥವಾಗುತ್ತವೆ. ಮೈಯಲ್ಲಿ ಉಪ್ಪು ಅಥವಾ ನೀರು ಕಡಿಮೆಯಾದಾಗ ಮೂತ್ರಪಿಂಡ ಸೋಡಿಯಂ ಅನ್ನು ಹೊರಬಿಡದೆ ಒಳಕ್ಕೆ ಎಳೆದುಕೊಳ್ಳುತ್ತದೆ, ಅದರ ಜೊತೆಗೆ ಲಿಥಿಯಂ ಕೂಡ ಒಳಗೇ ಉಳಿಯುತ್ತದೆ. ರೋಗಿ ದಿನದಂತೆಯೇ ಮಾತ್ರೆ ನುಂಗಿರುತ್ತಾನೆ, ರಕ್ತದ ಮಟ್ಟ ಮಾತ್ರ ಏರುತ್ತ ಹೋಗುತ್ತದೆ.

ವ್ಯಾಪಾರಿಗೆ ಶುರುವಾದ ಚಿಕಿತ್ಸೆ

ಉನ್ಮಾದವನ್ನು ತಕ್ಷಣ ತಗ್ಗಿಸಲು ಮೊದಲು ಬೇರೆ ಮಾತ್ರೆಗಳು ಬೇಕಾದವು, ಏಕೆಂದರೆ ಲಿಥಿಯಂ ಪೂರ್ತಿ ಕೆಲಸ ಮಾಡಲು ಒಂದೆರಡು ವಾರ ಹಿಡಿಯುತ್ತದೆ. ಲಿಥಿಯಂ ಕೊಡುವ ಮುನ್ನ ಕ್ರಿಯಾಟಿನಿನ್, ಥೈರಾಯ್ಡ್‌ನ ಟಿಎಸ್‌ಎಚ್, ಕ್ಯಾಲ್ಸಿಯಂ ನೋಡಿದರು. ದೀರ್ಘಕಾಲದಲ್ಲಿ ಲಿಥಿಯಂ ತೊಂದರೆ ಕೊಡುವುದಾದರೆ ಮೂತ್ರಪಿಂಡ, ಥೈರಾಯ್ಡ್ ಮತ್ತು ಪ್ಯಾರಾಥೈರಾಯ್ಡ್ ಗ್ರಂಥಿಗೆ. ಹಾಗಾಗಿ ಶುರುವಿನ ಅಂಕಿ ಕೈಯಲ್ಲಿರಬೇಕು.

ದಿನಕ್ಕೆ 600 ಮಿಲಿಗ್ರಾಂನಿಂದ ಆರಂಭ. ಏಳನೆಯ ದಿನ ರಕ್ತ ತೆಗೆದಾಗ 0.5 ಬಂತು. 900ಕ್ಕೆ ಏರಿಸಿದರು, ಮತ್ತೆ ಒಂದು ವಾರಕ್ಕೆ 0.75. ಅಳತೆ ಸಿಕ್ಕಿತು. ಡೋಸ್ ಬದಲಿಸಿದ ಮರುದಿನವೇ ರಕ್ತ ತೆಗೆಸಿ ಪ್ರಯೋಜನವಿಲ್ಲ. ರಕ್ತದ ಮಟ್ಟ ಒಂದು ಕಡೆ ನಿಲ್ಲಲು ಐದರಿಂದ ಏಳು ದಿನ ಬೇಕು. ಮಟ್ಟ ನಿಂತ ಮೇಲೆ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ಪರೀಕ್ಷೆ ಸಾಮಾನ್ಯ ಪದ್ಧತಿ. ವಯಸ್ಸಾದವರಿಗೆ, ಬಿಪಿ ಮಾತ್ರೆ ನುಂಗುವವರಿಗೆ, ಮೂತ್ರಪಿಂಡ ದುರ್ಬಲವಿರುವವರಿಗೆ ಮೂರು ತಿಂಗಳೇ ಮುಂದುವರಿಯುತ್ತದೆ.

ರಕ್ತ ತೆಗೆಸುವ ಗಂಟೆಯಲ್ಲಿ ಬಹಳ ಜನ ಎಡವುತ್ತಾರೆ. ಮೇಲೆ ಹೇಳಿದ ಅಂಕಿಗಳೆಲ್ಲ ಕೊನೆಯ ಮಾತ್ರೆ ನುಂಗಿ ಹನ್ನೆರಡು ಗಂಟೆಯ ನಂತರದ ರಕ್ತಕ್ಕೆ ಅನ್ವಯಿಸುವಂಥವು. ಮಾತ್ರೆ ನುಂಗಿದ ಕೆಲವು ಗಂಟೆಯೊಳಗೆ ಮಟ್ಟ ಎತ್ತರಕ್ಕೇರಿ ಆಮೇಲೆ ಇಳಿಯುತ್ತದೆ. ಬೆಳಿಗ್ಗೆ ಏಳಕ್ಕೆ ಮಾತ್ರೆ ನುಂಗಿ ರೈಲು ಹತ್ತಿ, ಹತ್ತಕ್ಕೆ ಶಿವಮೊಗ್ಗದಲ್ಲಿ ರಕ್ತ ಕೊಟ್ಟರೆ 1.2 ಬರಬಹುದು. ವೈದ್ಯರು ಗಾಬರಿಯಾಗಿ ಡೋಸ್ ಇಳಿಸುತ್ತಾರೆ, ಎರಡು ತಿಂಗಳಲ್ಲಿ ಉನ್ಮಾದ ಮರಳುತ್ತದೆ. ಲ್ಯಾಬ್ ತಲುಪುವುದು ಬೆಳಿಗ್ಗೆ ಹತ್ತಕ್ಕಾದರೆ ಹಿಂದಿನ ರಾತ್ರಿಯ ಮಾತ್ರೆಯನ್ನು ಹತ್ತಕ್ಕೇ ನುಂಗಿ. ಬೆಳಗಿನ ಮಾತ್ರೆಯನ್ನು ಚೀಲದಲ್ಲಿಟ್ಟುಕೊಂಡು ಹೋಗಿ, ರಕ್ತ ಕೊಟ್ಟ ಮೇಲೆ ತೆಗೆದುಕೊಳ್ಳಿ. ಲಿಥಿಯಂ ಒಂದಕ್ಕೇ ಆದರೆ ಖಾಲಿ ಹೊಟ್ಟೆ ಬೇಕಿಲ್ಲ, ತಿಂಡಿ ತಿನ್ನಬಹುದು. ಕೊನೆಯ ಮಾತ್ರೆ ಎಷ್ಟು ಗಂಟೆಗೆ ಎಂದು ಲ್ಯಾಬ್ ಚೀಟಿಯ ಮೇಲೆ ಬರೆಸಿ.

ಇನ್ನೊಂದು ಸಂಗತಿ ಲ್ಯಾಬಿನವರಿಗೂ ಒಮ್ಮೊಮ್ಮೆ ಮರೆತುಹೋಗುತ್ತದೆ. ರಕ್ತ ಹೆಪ್ಪುಗಟ್ಟದಿರಲು ಬಳಸುವ ಹಸಿರು ಮುಚ್ಚಳದ ಕೆಲವು ಟ್ಯೂಬುಗಳ ಒಳಗೆ ಲಿಥಿಯಂ ಹೆಪಾರಿನ್ ಸವರಿರುತ್ತದೆ. ಅದರಲ್ಲಿ ರಕ್ತ ಹಾಕಿದರೆ ಟ್ಯೂಬಿನ ಲಿಥಿಯಂ ಕೂಡ ಲೆಕ್ಕಕ್ಕೆ ಸೇರಿ, ಮಾತ್ರೆಯನ್ನೇ ನುಂಗದವರಿಗೂ ಮಟ್ಟ ಹೆಚ್ಚೆಂದು ಬರುತ್ತದೆ. ಸಣ್ಣ ಊರುಗಳಲ್ಲಿ ರಕ್ತ ತೆಗೆದು ದೊಡ್ಡ ಊರಿನ ಲ್ಯಾಬಿಗೆ ಕಳಿಸುವುದೇ ಹೆಚ್ಚು. ಹಾಗಾಗಿ "ಇದು ಲಿಥಿಯಂ ಲೆವೆಲ್‌ಗೆ, ಹಸಿರು ಟ್ಯೂಬ್ ಬೇಡ" ಎಂದು ಅಲ್ಲೇ ಹೇಳಿಬಿಡಿ. ರೋಗಿ ಆರಾಮಾಗಿದ್ದು ವರದಿಯಲ್ಲಿ ಮಾತ್ರ ವಿಪರೀತ ಅಂಕಿ ಬಂದರೆ ಮೊದಲು ಕೇಳಬೇಕಾದದ್ದು ಈ ಎರಡನ್ನೇ: ಎಷ್ಟು ಗಂಟೆಗೆ ತೆಗೆದರು, ಯಾವ ಟ್ಯೂಬಿನಲ್ಲಿ ತೆಗೆದರು.

ಉಲ್ಟಾ ಮೋಸವೂ ಇದೆ. ತಿಂಗಳಿಡೀ ಮಾತ್ರೆ ಬಿಟ್ಟು, ಪರೀಕ್ಷೆಗೆ ನಾಲ್ಕೈದು ದಿನ ಮೊದಲು ಸರಿಯಾಗಿ ನುಂಗಿದರೆ ವರದಿ ಚೆನ್ನಾಗಿಯೇ ಬರುತ್ತದೆ. ರಕ್ತ ಹೇಳುವುದು ಕಳೆದ ಕೆಲವು ದಿನಗಳ ಕಥೆ ಮಾತ್ರ. ಬಿಟ್ಟಿದ್ದರೆ ಬಿಟ್ಟೆ ಎಂದು ವೈದ್ಯರಿಗೆ ಹೇಳುವುದೇ ಲೇಸು. ಇಲ್ಲದಿದ್ದರೆ ಈ ಡೋಸ್ ನಾಟುತ್ತಿಲ್ಲ ಎಂದುಕೊಂಡು ಇನ್ನಷ್ಟು ಏರಿಸುವ ಸಾಧ್ಯತೆಯಿದೆ.

ಏಪ್ರಿಲ್ ತಿಂಗಳ ಮಂಡಿನೋವು

ಒಂದು ವರ್ಷ ಎಲ್ಲ ಸರಿಯಾಗಿ ನಡೆಯಿತು. ಏಪ್ರಿಲ್‌ನಲ್ಲಿ ವ್ಯಾಪಾರಿ ಕಾಯಿಮೂಟೆ ಎತ್ತಿ ಮಂಡಿನೋವು ತಂದುಕೊಂಡ. ಮೆಡಿಕಲ್ ಶಾಪಿನಲ್ಲಿ ಕೇಳಿದ್ದಕ್ಕೆ ಡೈಕ್ಲೋಫೆನಾಕ್ ಕೊಟ್ಟರು. ದಿನಕ್ಕೆರಡರಂತೆ ಆರು ದಿನ ನುಂಗಿದ. ಕಡೂರು ಬಯಲಿನ ಬಿಸಿಲು, ಮೈಯೆಲ್ಲ ಬೆವರು. ಐದನೆಯ ದಿನದಿಂದ ಭೇದಿ ಬೇರೆ. ಲಿಥಿಯಂ ಮಾತ್ರ ತಪ್ಪದೆ ನುಂಗುತ್ತಲೇ ಇದ್ದ, ಏಕೆಂದರೆ ತಪ್ಪಿಸಬಾರದು ಎಂದು ವೈದ್ಯರು ಹೇಳಿದ್ದರು.

ಏಳನೆಯ ದಿನ ಲೋಟ ಹಿಡಿದರೆ ನೀರು ಚೆಲ್ಲುವಷ್ಟು ಕೈನಡುಕ. ಲಿಥಿಯಂ ನುಂಗುವವರಲ್ಲಿ ಬೆರಳ ತುದಿಯ ಸಣ್ಣ ನಡುಕ ಮೊದಲೇ ಇರಬಹುದು, ಅದರಲ್ಲಿ ಭಯವಿಲ್ಲ. ಇದು ಹಾಗಲ್ಲ, ತೋಳೇ ಅದುರುತ್ತಿತ್ತು. ವಾಂತಿಯಾಯಿತು, ನಡೆದರೆ ತೂರಾಡಿದ, ಮಾತು ತೊದಲಿತು. "ಕುಡಿದು ಬಂದ್ಯಾ?" ಎಂದು ತಾಯಿ ಗದರಿದರು. ಅವನು ಕುಡಿದಿರಲಿಲ್ಲ. ಆಸ್ಪತ್ರೆಯಲ್ಲಿ ರಕ್ತ ತೆಗೆದಾಗ 1.7. ಲಿಥಿಯಂ ನಿಲ್ಲಿಸಿ, ಸಲೈನ್ ಹಾಕಿ, ಮಟ್ಟ ಇಳಿಯುವ ತನಕ ಇಟ್ಟುಕೊಂಡರು. ಆಮೇಲೆ ಮೂತ್ರಪಿಂಡದ ಪರೀಕ್ಷೆ ಮಾಡಿ, ಮತ್ತೆ ಕಡಿಮೆ ಅಳತೆಯಿಂದ ಶುರು ಮಾಡಿದರು. ಇನ್ನೂ ತಡವಾಗಿದ್ದರೆ ಫಿಟ್ಸ್ ಬರಬಹುದಿತ್ತು, ಡಯಾಲಿಸಿಸ್ ಬೇಕಾಗಬಹುದಿತ್ತು. ಕೆಲವರಿಗೆ ತೂರಾಟ, ತೊದಲು ಶಾಶ್ವತವಾಗಿ ಉಳಿಯುವುದೂ ಉಂಟು.

ಅವನು ಡೋಸ್ ಹೆಚ್ಚು ಮಾಡಿರಲಿಲ್ಲ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸೆಕ್ಲೋಫೆನಾಕ್ ಜಾತಿಯ ನೋವಿನ ಮಾತ್ರೆಗಳು ಮೂತ್ರಪಿಂಡ ಲಿಥಿಯಂ ಹೊರಹಾಕುವುದನ್ನು ತಗ್ಗಿಸುತ್ತವೆ. ಬಿಪಿಗೆ ಕೊಡುವ ಟೆಲ್ಮಿಸಾರ್ಟಾನ್, ಎನಲಾಪ್ರಿಲ್ ಜಾತಿಯವು ಮತ್ತು ಹೈಡ್ರೋಕ್ಲೋರೋಥಯಾಜೈಡ್‌ನಂಥ ಮೂತ್ರ ಹೆಚ್ಚಿಸುವ ಮಾತ್ರೆಗಳೂ ಹಾಗೆಯೇ. ಬಿಪಿ ಮಾತ್ರೆಯನ್ನು ನೀವಾಗಿ ಬಿಡಬೇಡಿ, ಎರಡೂ ಇವೆ ಎಂದು ಎರಡೂ ಕಡೆಯ ವೈದ್ಯರಿಗೆ ತಿಳಿಸಿ. ಸಾಮಾನ್ಯ ನೋವಿಗೆ ಪ್ಯಾರಾಸಿಟಮಾಲ್ ಲಿಥಿಯಂ ಮಟ್ಟವನ್ನು ಏರಿಸುವುದಿಲ್ಲ.

ನಮ್ಮ ಮನೆಗಳ ರೂಢಿಗಳಲ್ಲಿ ಇದಕ್ಕೆ ತಗಲುವವು ಇನ್ನೂ ಕೆಲವಿವೆ. ಉಪ್ಪು ಬಿಟ್ಟು ಒಪ್ಪೊತ್ತು ಮಾಡುವ ವ್ರತ, ನೀರೂ ಕುಡಿಯದ ಏಕಾದಶಿ, ರಂಜಾನ್ ಉಪವಾಸ, "ಬಿಪಿ ಇದೆ, ಉಪ್ಪು ಪೂರ್ತಿ ಬಿಡಿ" ಎಂಬ ಸಲಹೆ, ಇವೆಲ್ಲ ಲಿಥಿಯಂ ಮಟ್ಟವನ್ನು ಏರಿಸಬಲ್ಲವು. ಉಪ್ಪು ಹೆಚ್ಚು ತಿನ್ನಿ ಎಂದು ನಾನು ಹೇಳುತ್ತಿಲ್ಲ. ದಿನವೂ ಎಷ್ಟು ತಿನ್ನುತ್ತೀರೋ ಅಷ್ಟನ್ನೇ ತಿನ್ನುವುದು ಮುಖ್ಯ, ಏಕೆಂದರೆ ನಿಮ್ಮ ಡೋಸ್ ಗೊತ್ತುಮಾಡಿರುವುದು ಆ ಊಟದ ಮೇಲೆ. ವ್ರತ ಹಿಡಿಯಲೇಬೇಕೆಂದಿದ್ದರೆ ಮೊದಲೇ ವೈದ್ಯರನ್ನು ಕೇಳಿ. ಕಾಫಿಯ ಜಿಲ್ಲೆಯವರಿಗೆ ಇದನ್ನೂ ಹೇಳಬೇಕು: ಕಾಫಿ ಲಿಥಿಯಂ ಹೊರಹೋಗುವುದನ್ನು ಹೆಚ್ಚಿಸುತ್ತದೆ. ದಿನಕ್ಕೆ ನಾಲ್ಕೈದು ಲೋಟ ಕುಡಿಯುವವರು ಒಮ್ಮೆಲೇ ಬಿಟ್ಟರೆ ಮಟ್ಟ ಏರುತ್ತದೆ.

ವಾಂತಿ ಭೇದಿ ಶುರುವಾದ ದಿನ, ಅಥವಾ ಜ್ವರ ಬಂದು ಊಟ ನೀರು ಸೇರದ ದಿನ, ಮುಂದಿನ ಲಿಥಿಯಂ ಮಾತ್ರೆ ನುಂಗುವ ಮೊದಲೇ ವೈದ್ಯರಿಗೆ ಫೋನ್ ಮಾಡಿ. ಸಿಗದಿದ್ದರೆ ಆ ಹೊತ್ತಿನ ಮಾತ್ರೆ ತಡೆಹಿಡಿದು, ಹತ್ತಿರದ ಆಸ್ಪತ್ರೆಯಲ್ಲಿ ತೋರಿಸಿ ರಕ್ತ ಪರೀಕ್ಷೆ ಮಾಡಿಸಿ. ತೂರಾಟ, ತೊದಲು, ಜೋರು ನಡುಕ, ಮಂಪರು ಕಂಡರೆ ವರದಿಗಾಗಿ ಕಾಯದೆ ಆಸ್ಪತ್ರೆಗೆ ಹೋಗಿ. ವಯಸ್ಸಾದವರಲ್ಲಿ ಅಂಕಿ 1.2ರ ಒಳಗಿದ್ದೂ ವಿಷದ ಲಕ್ಷಣ ಕಾಣುವುದುಂಟು. ಅಂಕಿಗೂ ಮೈಯ ಲಕ್ಷಣಕ್ಕೂ ತಾಳೆಯಾಗದಿದ್ದರೆ ಲಕ್ಷಣವನ್ನೇ ನಂಬಬೇಕು.

ಬೇರೆ ಮಾತ್ರೆಗಳ ಲೆಕ್ಕ

ಎಲ್ಲರಿಗೂ ಲಿಥಿಯಂ ಹೊಂದುವುದಿಲ್ಲ. ವಾಲ್‌ಪ್ರೋಯೇಟ್ ನುಂಗುವವರಲ್ಲೂ ರಕ್ತದ ಮಟ್ಟ ನೋಡುತ್ತಾರೆ, ಮಿಲಿಲೀಟರಿಗೆ ಸುಮಾರು 50ರಿಂದ 125 ಮೈಕ್ರೋಗ್ರಾಂ ಅದರ ವ್ಯಾಪ್ತಿ. ಆದರೆ ಅಲ್ಲಿ ಅಂತರ ಅಗಲವಾದದ್ದು, ಹಾಗಾಗಿ ಲಿವರ್ ಮತ್ತು ಪ್ಲೇಟ್‌ಲೆಟ್ ಪರೀಕ್ಷೆಗಳದ್ದೇ ಹೆಚ್ಚು ತೂಕ. ಗರ್ಭಿಣಿಯಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ವಾಲ್‌ಪ್ರೋಯೇಟ್ ತಪ್ಪಿಸಬೇಕು, ಮಗುವಿನ ಬೆನ್ನುಹುರಿ ಮತ್ತು ಬುದ್ಧಿ ಬೆಳವಣಿಗೆಗೆ ಅದು ಹಾನಿ ಮಾಡಬಲ್ಲದು. ಈ ಮಾತ್ರೆಯಲ್ಲಿದ್ದ ಮಗಳಿಗೆ ಮದುವೆ ಗೊತ್ತಾದರೆ ಮುಚ್ಚಿಟ್ಟು ಮಾತ್ರೆ ನಿಲ್ಲಿಸಬೇಡಿ, ವೈದ್ಯರ ಬಳಿ ಹೋಗಿ ಮಾತ್ರೆ ಬದಲಿಸಿಕೊಳ್ಳಿ. ಕಾರ್ಬಮಜೆಪಿನ್‌ಗೆ ಸೋಡಿಯಂ ಮತ್ತು ರಕ್ತಕಣಗಳ ಎಣಿಕೆ ನೋಡುತ್ತಾರೆ. ಲಾಮೋಟ್ರಿಜಿನ್‌ಗೆ ಸಾಮಾನ್ಯವಾಗಿ ಮಟ್ಟ ನೋಡುವ ಅಗತ್ಯವಿಲ್ಲ, ಮೈಮೇಲೆ ಗಂಧೆ ಎದ್ದರೆ ತಕ್ಷಣ ತೋರಿಸಬೇಕು.

"ಚೆನ್ನಾಗಿದಾರಲ್ಲ, ಇನ್ಯಾಕೆ ಮಾತ್ರೆ?"

ಆಸ್ಪತ್ರೆಯಿಂದ ಬಂದ ಮೇಲೆ ವ್ಯಾಪಾರಿಯ ಮಾವನ ಮನೆಯವರು ಕೇಳಿದ್ದು ಇದನ್ನೇ. ವಿಷವಾಗುವ ಮಾತ್ರೆ ಯಾಕೆ ಬೇಕು, ಬಿಟ್ಟುಬಿಡಿ ಎಂದರು. ಲಿಥಿಯಂ ಅನ್ನು ದಿಢೀರನೆ ಬಿಟ್ಟರೆ ಮುಂದಿನ ಕೆಲವೇ ತಿಂಗಳಲ್ಲಿ ಉನ್ಮಾದ ಮರಳುವ ಸಂಭವ ತುಂಬಾ ಹೆಚ್ಚು, ಆತ್ಮಹತ್ಯೆಯ ಅಪಾಯವೂ ಆಗ ಏರುತ್ತದೆ. ನಿಲ್ಲಿಸಲೇಬೇಕಾದರೆ ಕನಿಷ್ಠ ನಾಲ್ಕು ವಾರ, ಸಾಧ್ಯವಾದರೆ ಮೂರು ತಿಂಗಳು ಹಿಡಿದು, ವೈದ್ಯರ ಕಣ್ಣೆದುರಿನಲ್ಲಿ ಇಳಿಸುತ್ತ ಬರಬೇಕು. ವಿಷದ ಲಕ್ಷಣ ಕಂಡಾಗ ತಡೆಹಿಡಿಯುವುದು ಬೇರೆ, ಚೆನ್ನಾಗಿದ್ದೇನೆಂದು ಬಿಡುವುದು ಬೇರೆ. ವ್ಯಾಪಾರಿಯ ಹೆಂಡತಿ ಒಂದು ಕೆಲಸ ಮಾಡಿದಳು. ಗೋಡೆಯ ಕ್ಯಾಲೆಂಡರಿನಲ್ಲಿ ಗಂಡ ಮಲಗಿದ ಗಂಟೆ, ಎದ್ದ ಗಂಟೆ ಬರೆಯತೊಡಗಿದಳು. ಐದು ಗಂಟೆಗಿಂತ ಕಡಿಮೆ ನಿದ್ದೆ ಸಾಲಾಗಿ ಎರಡು ರಾತ್ರಿ ಬಿದ್ದರೆ ವೈದ್ಯರಿಗೆ ಫೋನ್ ಎಂದು, ಗಂಡ ಸ್ವಸ್ಥನಾಗಿದ್ದಾಗಲೇ, ಅವನ ಒಪ್ಪಿಗೆಯಿಂದಲೇ ಗೊತ್ತುಮಾಡಿಕೊಂಡಳು. ಉನ್ಮಾದ ಏರಿದ ಮೇಲೆ "ನನಗೇನಾಗಿದೆ?" ಎನ್ನುವವನನ್ನು ಒಪ್ಪಿಸುವುದು ಕಷ್ಟ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೂಡ ಇದಕ್ಕೆ ದಾರಿ ಮಾಡಿಕೊಟ್ಟಿದೆ. ಮುಂದೆ ಕಾಯಿಲೆ ಜೋರಾದರೆ ಹೇಗೆ ಚಿಕಿತ್ಸೆ ಕೊಡಬೇಕು, ತನ್ನ ಪರವಾಗಿ ಯಾರು ತೀರ್ಮಾನಿಸಬೇಕು ಎಂದು ಸ್ವಸ್ಥನಿದ್ದಾಗಲೇ ಬರೆದಿಡುವ ಹಕ್ಕು ರೋಗಿಗಿದೆ.

ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ಇನ್ನೂರಕ್ಕೆ ಒಬ್ಬರಂತೆ ಜೀವನದಲ್ಲಿ ಎಂದಾದರೂ ಬೈಪೋಲಾರ್ ಕಾಯಿಲೆಗೆ ಒಳಗಾಗುತ್ತಾರೆ. ಹಾಗಾಗಿ ಬೀರೂರು, ಕಡೂರು, ಅಜ್ಜಂಪುರ, ತರೀಕೆರೆಗಳ ಯಾವ ದೊಡ್ಡ ಊರೂ ಇದರಿಂದ ಹೊರಗಿಲ್ಲ. ಚಿಕಿತ್ಸೆಗೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರಗಳಂದು ಸರದಿಯ ಮೇಲೆ ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ತಿಂಗಳ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ಅಥವಾ ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಿ. ಹಗಲು ರಾತ್ರಿ ಯಾವಾಗ ಬೇಕಾದರೂ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಕರೆ ಉಚಿತ. ಸಾಯುವ ಮಾತಾಡುವವರು ಮನೆಯಲ್ಲಿದ್ದರೆ ಇವತ್ತೇ ಮಾಡಿ.

ಲಿಥಿಯಂ ನುಂಗುವವರು ಒಂದು ಚೀಟಿಯಲ್ಲಿ ಮಾತ್ರೆಯ ಹೆಸರು, ದಿನದ ಅಳತೆ, ಕಳೆದ ಸಲದ ಮಟ್ಟ, ಮುಂದಿನ ಪರೀಕ್ಷೆಯ ತಾರೀಖು ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಮೆಡಿಕಲ್ ಶಾಪಿಗೆ ಹೋದಾಗ ನೋವಿನ ಮಾತ್ರೆ ಕೇಳುವ ಮೊದಲು ಆ ಚೀಟಿ ತೋರಿಸಿ.